ಜನನಕಾಲದ ದಶಾಶೇಷ: ವಿಂಶೋತ್ತರಿಯ ಎಣಿಕೆ ಮತ್ತು ಅದರ ಮಿತಿ



ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕೆಂದು ನನ್ನನ್ನು ಕೇಳಿಕೊಂಡರು. ಶನಿಭುಕ್ತಿ ಮುಗಿಯಲು ನಾಲ್ಕು ತಿಂಗಳಿವೆ ಎಂಬುದೇ ಅವರು ಕೊಟ್ಟ ಕಾರಣ. ಆ ದಿನಾಂಕ ಎಲ್ಲಿಂದ ಬಂದಿತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯೇ ಇಂದಿನ ಮಾತಿನ ವಸ್ತು.

ದಶಾಪದ್ಧತಿ ಒಂದೇ ಅಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹಜ್ಜಾತಕದಲ್ಲಿ ವಿವರಿಸುವ ದಶೆಗಳು ಗ್ರಹಗಳು ನೀಡುವ ಆಯುಸ್ಸನ್ನು ಆಧರಿಸಿದವು. ನಕ್ಷತ್ರವನ್ನು ಆಧರಿಸಿದ 120 ವರ್ಷಗಳ ವಿಂಶೋತ್ತರಿಯು ಪರಾಶರನ ಹೆಸರಿನ ಪರಂಪರೆಗೆ ಸೇರಿದ್ದು. ಅದರ ಎಣಿಕೆ ಅಶ್ವಿನಿಯಿಂದಲ್ಲ, ಕೃತ್ತಿಕೆಯಿಂದ ಆರಂಭವಾಗುತ್ತದೆ. ವೇದಕಾಲದ ನಕ್ಷತ್ರಪಟ್ಟಿಗಳೂ ಹಾಗೆಯೇ ಆರಂಭವಾಗುತ್ತವೆ. ಕೃತ್ತಿಕೆಗೆ ರವಿ 6 ವರ್ಷ, ರೋಹಿಣಿಗೆ ಚಂದ್ರ 10, ಅನಂತರ ಕ್ರಮವಾಗಿ ಕುಜ 7, ರಾಹು 18, ಗುರು 16, ಶನಿ 19, ಬುಧ 17, ಕೇತು 7, ಶುಕ್ರ 20.

ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಪೂರ್ವತೀರದಲ್ಲಿ 1990ರ ಜನವರಿ 8ರಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಮಗುವೊಂದು ಹುಟ್ಟಿತೆಂದೂ, ಆಗ ಚಂದ್ರನು ವೃಷಭದ 15 ಅಂಶದಲ್ಲಿದ್ದನೆಂದೂ ಇಟ್ಟುಕೊಳ್ಳೋಣ. ರೋಹಿಣಿಯು ವೃಷಭದ 10 ಅಂಶದಿಂದ 23 ಅಂಶ 20 ಕಲೆಯವರೆಗೆ ಹರಡಿದೆ. ಅಂದರೆ 800 ಕಲೆಗಳು. ಚಂದ್ರನು ಅದರಲ್ಲಿ 300 ಕಲೆಗಳನ್ನು ದಾಟಿದ್ದಾನೆ, 500 ಉಳಿದಿವೆ. ಹತ್ತು ವರ್ಷಗಳಲ್ಲಿ ಎಂಟನೆಯ ಐದು ಭಾಗವೆಂದರೆ 6 ವರ್ಷ 3 ತಿಂಗಳು. ಜಾತಕದಲ್ಲಿ ‘ಜನನಕಾಲೇ ಚಂದ್ರದಶಾಶೇಷ’ ಎಂದು ಬರೆಯುವುದು ಇದನ್ನೇ. ಆದ್ದರಿಂದ ಚಂದ್ರದಶೆ 1996ರ ಏಪ್ರಿಲ್ 8ಕ್ಕೆ, ಕುಜದಶೆ 2003ಕ್ಕೆ, ರಾಹುದಶೆ 2021ಕ್ಕೆ ಮುಗಿದು, 2037ರ ಏಪ್ರಿಲ್‌ವರೆಗೆ ಗುರುದಶೆ ನಡೆಯುತ್ತದೆ.

ಭುಕ್ತಿಯನ್ನು ತೆಗೆಯಲು ಒಂದು ಸುಲಭ ಸೂತ್ರವಿದೆ. ದಶಾನಾಥನ ವರ್ಷಗಳನ್ನು ಭುಕ್ತಿನಾಥನ ವರ್ಷಗಳಿಂದ ಗುಣಿಸಬೇಕು. ಬಂದ ಸಂಖ್ಯೆಯ ಕೊನೆಯ ಅಂಕಿಯನ್ನು ಬಿಟ್ಟರೆ ಉಳಿಯುವುದು ತಿಂಗಳು; ಬಿಟ್ಟ ಅಂಕಿಯ ಮೂರರಷ್ಟು ದಿನ. ಗುರುವಿನಲ್ಲಿ ಶನಿಗೆ 16ನ್ನು 19ರಿಂದ ಗುಣಿಸಿದರೆ 304: ಮೂವತ್ತು ತಿಂಗಳು, ಹನ್ನೆರಡು ದಿನ. ಮೊದಲ ಭುಕ್ತಿ ದಶಾನಾಥನದೇ ಆದ್ದರಿಂದ ಇಲ್ಲಿ ಗುರುಭುಕ್ತಿ 2023ರ ಮೇ 26ರವರೆಗೆ, ಶನಿಭುಕ್ತಿ 2025ರ ಡಿಸೆಂಬರ್ 8ರವರೆಗೆ, ಬುಧಭುಕ್ತಿ 2028ರ ಮಾರ್ಚ್ 14ರವರೆಗೆ ಬರುತ್ತವೆ.

ಫಲವನ್ನು ಓದುವಾಗ ದಶಾನಾಥನ ಹೆಸರನ್ನು ನೋಡಿ ಶುಭ ಅಥವಾ ಅಶುಭ ಎಂದುಬಿಡುವುದು ತಪ್ಪು. ಅವನು ಯಾವ ಭಾವಗಳಿಗೆ ಅಧಿಪತಿ, ಎಲ್ಲಿ ಕುಳಿತಿದ್ದಾನೆ, ಭುಕ್ತಿನಾಥನೊಡನೆ ಅವನ ಸಂಬಂಧವೇನು ಎಂಬ ಮೂರು ಸಂಗತಿಗಳನ್ನು ನೋಡಬೇಕು. ಮೇಲಿನ ಜಾತಕದಲ್ಲಿ ಲಗ್ನ ವೃಶ್ಚಿಕ. ಎರಡು ಮತ್ತು ಐದನೆಯ ಭಾವಗಳ ಅಧಿಪತಿಯಾದ ಗುರು ಎಂಟನೆಯ ಮಿಥುನದಲ್ಲಿದ್ದಾನೆ. ಎಂಟು ಮತ್ತು ಹನ್ನೊಂದರ ಅಧಿಪತಿಯಾದ ಬುಧ ಎರಡನೆಯ ಧನುಸ್ಸಿನಲ್ಲಿದ್ದಾನೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರಿರುವ ಈ ಪರಿವರ್ತನೆಯಿಂದಾಗಿ, ಗುರುವಿನಲ್ಲಿ ಬುಧಭುಕ್ತಿ ಬಂದಾಗ ಕುಟುಂಬದ ಹಣ ಮತ್ತು ಪಿತ್ರಾರ್ಜಿತದ ವಿಷಯಗಳು ಮೇಲೇಳುತ್ತವೆಂದು ಸಂಪ್ರದಾಯಸ್ಥರು ಹೇಳುತ್ತಾರೆ. ಗುರುವು ಶುಭಗ್ರಹವೆಂಬ ಒಂದೇ ಕಾರಣಕ್ಕೆ ಈ ಕಾಲವನ್ನು ಸಲೀಸೆಂದು ಅವರು ಕರೆಯುವುದಿಲ್ಲ.

ಈಗ ದಿನಾಂಕಕ್ಕೆ ಮರಳೋಣ. ನಿರಯನ ಚಂದ್ರನ ಸ್ಥಾನ ಅಯನಾಂಶವನ್ನು ಅವಲಂಬಿಸಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರ ವರದಿಯಲ್ಲಿ ಒಂದು ಅಯನಾಂಶವನ್ನು ಒಪ್ಪಿತು. ಅದು ಲಾಹಿರಿ ಅವರ ಹೆಸರಿನಿಂದ ಪ್ರಸಿದ್ಧವಾಯಿತು. ಬೆಂಗಳೂರಿನ ಬಿ. ವಿ. ರಾಮನ್ ಅವರು ಬೇರೊಂದನ್ನು ಬಳಸಿದರು. ಎರಡಕ್ಕೂ ಇರುವ ಅಂತರ ಸುಮಾರು ಒಂದೂವರೆ ಅಂಶ. ನಮ್ಮ 15 ಅಂಶ ಲಾಹಿರಿಯದಾದರೆ, ರಾಮನ್ ಗಣಿತದಲ್ಲಿ ಚಂದ್ರ ಅಷ್ಟು ಮುಂದಿರುತ್ತಾನೆ, ದಶಾಶೇಷ ಒಂದು ವರ್ಷಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಮುಂದಿನ ಪ್ರತಿಯೊಂದು ದಶೆಯೂ ಅಷ್ಟೇ ಮೊದಲು ಬರುತ್ತದೆ.

ನಮ್ಮಂಥ ವಲಸಿಗರಿಗೆ ಇದಕ್ಕಿಂತ ದೊಡ್ಡ ಅಪಾಯವಿದೆ. ಹುಟ್ಟಿದ ಗಂಟೆಯನ್ನಷ್ಟೇ ಊರಿಗೆ ತಿಳಿಸಿ, ಅಲ್ಲಿಯವರು ಅದನ್ನು ಭಾರತದ ಸಮಯವೆಂದು ಎಣಿಸಿದರೆ, ಹತ್ತೂವರೆ ಗಂಟೆಗಳ ವ್ಯತ್ಯಾಸವಾಗುತ್ತದೆ. ಅಷ್ಟರಲ್ಲಿ ಚಂದ್ರ ಸುಮಾರು ಆರು ಅಂಶ ಚಲಿಸುತ್ತಾನೆ. ನಮ್ಮ ಮಗುವಿನ ನಕ್ಷತ್ರ ರೋಹಿಣಿಯ ಬದಲು ಕೃತ್ತಿಕೆಯಾಗಿ, ರವಿದಶೆಯ ಕೊನೆಯಲ್ಲಿ ಜನನವೆಂದು ಬರೆಯಲ್ಪಡುತ್ತದೆ. ಮುಂದಿನ ದಶೆಗಳೆಲ್ಲ ನಾಲ್ಕು ವರ್ಷಕ್ಕೂ ಹೆಚ್ಚು ಹಿಂದೆ ಬೀಳುತ್ತವೆ.

ಹಳೆಯ ಜಾತಕವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪ್ರತಿ ಪಾದವೂ ದಶೆಯ ನಾಲ್ಕನೆಯ ಒಂದು ಭಾಗ. ರೋಹಿಣಿ ಎರಡನೆಯ ಪಾದವಾದರೆ ಚಂದ್ರದಶಾಶೇಷ ಏಳೂವರೆ ಮತ್ತು ಐದು ವರ್ಷಗಳ ನಡುವೆ ಇರಲೇಬೇಕು. ಇಲ್ಲವಾದರೆ ಎಲ್ಲೋ ಗಣಿತ ತಪ್ಪಿದೆ. ಆದರೆ ಸಮಯವಲಯದ ತಪ್ಪು ಇದರಿಂದ ಸಿಕ್ಕುವುದಿಲ್ಲ; ಆ ಗಂಟೆಯ ಚಂದ್ರನನ್ನು ಪಂಚಾಂಗದಲ್ಲಿ ಮತ್ತೆ ನೋಡಲೇಬೇಕು.

ಆ ಹಿರಿಯರಿಗೂ ನಾನು ಇದನ್ನೇ ಲೆಕ್ಕ ಹಾಕಿ ತೋರಿಸಿದೆ. ಎರಡು ಅಯನಾಂಶಗಳ ನಡುವಿನ ಅಂತರವೇ ಅವರು ಕಾಯಬೇಕೆಂದಿದ್ದ ನಾಲ್ಕು ತಿಂಗಳಿಗಿಂತ ದೊಡ್ಡದಾಗಿತ್ತು. ದಶಾಫಲ ನಿಜವೆಂದು ವೈದ್ಯನಾಗಿ ನಾನು ಹೇಳಲಾರೆ. ಅದನ್ನು ನಂಬುವವರಿಗೂ ಆ ದಿನಾಂಕ ಅಷ್ಟು ಖಚಿತವಲ್ಲವೆಂದು ಮಾತ್ರ ಹೇಳಬಲ್ಲೆ. ಅವರು ಮರುವಾರವೇ ಶಸ್ತ್ರಚಿಕಿತ್ಸೆಗೆ ಒಪ್ಪಿದರು.