ಬ್ರಿಕ್ ಆದ ಫೋನು: ಕೀಲಿ ಯಾರ ಕೈಯಲ್ಲಿ?

ಕಸ್ಟಮ್ ರಾಮ್ ಹಾಕಲು ಹೋಗಿ ಕೈಕೊಟ್ಟ ಫೋನನ್ನು ಅಂಬ್ಲಿಗೊಳದಿಂದ ಶಿಕಾರಿಪುರದ ಅಂಗಡಿಗೋ ಸೊರಬದ ಅಂಗಡಿಗೋ ಒಯ್ದರೆ, ‘ಡೆಡ್ ಆಗಿದೆ, ಬೋರ್ಡ್ ಹೋಗಿದೆ’ ಎಂಬ ಉತ್ತರ ಸಿಗುವುದುಂಟು. ಅದನ್ನು ಒಪ್ಪುವ ಮೊದಲು ಒಳ್ಳೆಯ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ನೋಡಿ. ಪರದೆಗಿಂತ ಕಂಪ್ಯೂಟರ್ ಹೇಳುವುದೇ ನಂಬಿಕೆಗೆ ಅರ್ಹ.

2009ರಲ್ಲಿ ಸಯಾನೋಜೆನ್‌ಮಾಡ್, 2011ರಲ್ಲಿ ಟಿಡಬ್ಲ್ಯುಆರ್‌ಪಿ ರಿಕವರಿ ಬಂದ ಮೇಲೆ ಈ ಹವ್ಯಾಸ ಹಬ್ಬಿತು. ಆಗಿನಿಂದಲೂ ಬಹುಪಾಲು ಕೇಸುಗಳು ಸಾಫ್ಟ್ ಬ್ರಿಕ್. ಲೋಗೊ ಬಂದು ನಿಲ್ಲುತ್ತದೆ, ಇಲ್ಲವೇ ಫೋನು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಆದರೆ ಬೂಟ್‌ಲೋಡರ್ ಜೀವಂತವಿರುತ್ತದೆ. ರೆಡ್ಮಿಯಲ್ಲಿ ವಾಲ್ಯೂಮ್ ಡೌನ್ ಮತ್ತು ಪವರ್ ಗುಂಡಿ ಒತ್ತಿಹಿಡಿದು, ಕಂಪ್ಯೂಟರಿನಲ್ಲಿ ಹೀಗೆ ಕೇಳಿ:

```
fastboot devices
```

ಸೀರಿಯಲ್ ನಂಬರ್ ಬಂದರೆ ಗಾಬರಿ ಬೇಡ. ಹಳೆಯ ಸಿಸ್ಟಮ್ ಎನ್‌ಕ್ರಿಪ್ಟ್ ಮಾಡಿಟ್ಟ ಡೇಟಾವನ್ನು ಹೊಸದು ಓದಲಾರದೆ ತಡವರಿಸುವುದೇ ಎಷ್ಟೋ ಸಲ ಕಾರಣ. ರಿಕವರಿಯಲ್ಲಿ ಬರೀ ವೈಪ್ ಸಾಲದು, Format Data ಮಾಡಬೇಕು, ಫೋಟೊಗಳೆಲ್ಲ ಹೋಗುತ್ತವೆ. ಅದಕ್ಕೂ ಬಗ್ಗದಿದ್ದರೆ ಕಂಪನಿಯ ಮೂಲ ರಾಮನ್ನೇ ಮತ್ತೆ ಹಾಕಬೇಕು.

ಬೂಟ್‌ಲೋಡರೇ ಕೆಟ್ಟರೆ ಅದು ಹಾರ್ಡ್ ಬ್ರಿಕ್. ಪರದೆ ಕಪ್ಪು, ಗುಂಡಿಗಳಿಗೆ ಉತ್ತರವಿಲ್ಲ. ಆದರೂ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ `Qualcomm HS-USB QDLoader 9008` ಎಂದು ಕಂಡರೆ ಚಿಪ್ ಸತ್ತಿಲ್ಲ. ಅದರೊಳಗೆ ಅಳಿಸಲಾಗದ ಪುಟ್ಟ ಪ್ರೋಗ್ರಾಂ ಒಂದಿದೆ. ಇಡಿಎಲ್ ಎಂಬ ಈ ಸ್ಥಿತಿಯಲ್ಲಿ ಅದು ಕಂಪನಿ ಸಹಿ ಹಾಕಿದ ಫೈಲಿಗಾಗಿ ಕಾಯುತ್ತಿರುತ್ತದೆ. ಹಿಂದೆ ರಿಪೇರಿಯವರು ಬೋರ್ಡಿಗೆ ತೆಳು ತಂತಿ ಬೆಸೆದು ಜೆಟ್ಯಾಗ್ ಬಾಕ್ಸ್‌ನಿಂದ ಮಾಡುತ್ತಿದ್ದ ಕೆಲಸವನ್ನು ಈ ದಾರಿ ಒಂದು ಕೇಬಲ್ಲಿಗೆ ಇಳಿಸಿತು. ಏನೂ ಕಾಣದಿದ್ದರೆ ಮೊದಲು ಕೇಬಲ್, ಚಾರ್ಜ್ ನೋಡಿ. ಆಮೇಲೆ ಬೋರ್ಡನ್ನು ಶಂಕಿಸಿ.

ಸುಲಭವಾಗಿದ್ದ ಈ ದಾರಿಗೆ ಬೀಗ ಬಿದ್ದುದಕ್ಕೆ 2018ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ರೆಡ್ಮಿ ನೋಟ್ 5 ಪ್ರೋ ಒಳ್ಳೆಯ ಉದಾಹರಣೆ. ಅದೇ ವರ್ಷದ ಮಧ್ಯದಲ್ಲಿ ಶಿಯೋಮಿ ತನ್ನ ಅಪ್‌ಡೇಟಿನಲ್ಲಿ ಆಂಟಿ-ರೋಲ್‌ಬ್ಯಾಕ್ ಸೇರಿಸಿತು. ಫೋನಿನಲ್ಲಿ ದಾಖಲಾದ ಸಂಖ್ಯೆ 4ಕ್ಕೆ ಏರಿದರೆ ಮತ್ತೆ ಇಳಿಯದು. ಇದರ ಅರಿವಿಲ್ಲದೆ ಹಳೆಯ ಎಂಐಯುಐ ಹಾಕಿದರೆ ಫೋನು ನೇರ 9008ಕ್ಕೆ ಬೀಳುತ್ತಿತ್ತು. ಅಲ್ಲಿಂದ ಎಬ್ಬಿಸಲು ಕಂಪನಿ ಅನುಮತಿಸಿದ ಖಾತೆಯೇ ಬೇಕಿತ್ತು, ಅಂದರೆ ಸರ್ವಿಸ್ ಸೆಂಟರ್. ಕಳ್ಳ ಫೋನುಗಳ ತಡೆಗೆ ಇಂಥ ಬೀಗ ಸರಿಯಿರಬಹುದು. ಆದರೆ ದುಡ್ಡು ಕೊಟ್ಟು ಕೊಂಡವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದು ನನಗೆ ಒಪ್ಪಿಗೆಯಿಲ್ಲ.

ಹಳೆಯ ರೆಡ್ಮಿಗೆ ಕೈಹಾಕುವವರು ಮೊದಲು ಇದನ್ನು ಕೇಳಿಕೊಳ್ಳಿ:

```
fastboot getvar anti
```

ಇಲ್ಲಿ ಬರುವ ಸಂಖ್ಯೆಗಿಂತ ಕಡಿಮೆಯ ಮೂಲ ರಾಮ್ ಹಾಕಬೇಡಿ. ಕಸ್ಟಮ್ ರಾಮ್ ಫೋನಿನಲ್ಲಿ ಇರುವಷ್ಟು ದಿನ ಬೂಟ್‌ಲೋಡರನ್ನು ಲಾಕ್ ಮಾಡಲೂ ಹೋಗಬೇಡಿ.