ಅವಸರದ ಕೆಲಸದ ಹೆಚ್ಚುವರಿ ದರ (ಮುದ್ರಣಾಲಯಗಳಲ್ಲಿ)

ಮಾಮೂಲಿ ಗಡುವಿಗಿಂತ ಮೊದಲೇ ಮುಗಿಸಿಕೊಡಬೇಕಾದ ಕೆಲಸಕ್ಕೂ ವಾರದ ರಜೆಯ ದಿನ ತಲುಪಿಸಬೇಕಾದ ಸರಕಿಗೂ ಮೂಲ ಬೆಲೆಯ ಮೇಲೆ ಸೇರಿಸುವ ಮೊತ್ತವೇ ಅವಸರದ ಹೆಚ್ಚುವರಿ ದರ. ಪ್ರೆಸ್ಸುಗಳಲ್ಲಿ ಇದನ್ನು ‘ಅರ್ಜೆಂಟ್ ಚಾರ್ಜ್’ ಎನ್ನುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಸಮಾರಂಭದ ಬ್ಯಾನರ್, ಚುನಾವಣೆಯ ಕರಪತ್ರ ಇವೆಲ್ಲ ತಾರೀಖಿಗೆ ಕಟ್ಟುಬಿದ್ದ ಕೆಲಸಗಳು. ತಾರೀಖು ದಾಟಿದರೆ ಅಚ್ಚಾದ ಕಾಗದ ರದ್ದಿಗೆ ಸಮ. ಆದ್ದರಿಂದ ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ತಾಲ್ಲೂಕು ಕೇಂದ್ರದ ಸಣ್ಣ ಆಫ್‌ಸೆಟ್ ಪ್ರೆಸ್ಸಿನವರೆಗೆ ಅವಸರದ ಗಿರಾಕಿ ಇಲ್ಲದ ಕಡೆ ಇಲ್ಲ. ಆದರೆ ಹೆಚ್ಚಿನ ಕಡೆ ಈ ದರಕ್ಕೆ ಲಿಖಿತ ನಿಯಮವಿಲ್ಲ. ಗಿರಾಕಿಯ ಮುಖ ಮತ್ತು ಅವನ ಆತಂಕ ನೋಡಿ ಬಾಯಿಗೆ ಬಂದ ಅಂಕಿ ಹೇಳುವ ರೂಢಿಯೇ ನಡೆದು ಬಂದಿದೆ. ಜಗಳ ಹುಟ್ಟುವುದು ಇಲ್ಲಿಂದ.

ಮುಂಚೆಯೇ ಪ್ರಕಟಿಸಿದ, ಎಲ್ಲರಿಗೂ ಒಂದೇ ಆದ ಅವಸರದ ದರವನ್ನು ಜನ ತಕರಾರಿಲ್ಲದೆ ಕೊಡುತ್ತಾರೆ ಎಂಬುದಕ್ಕೆ ಸರ್ಕಾರಿ ಸೇವೆಗಳಲ್ಲೇ ಮಾದರಿಯಿದೆ. ವಯಸ್ಕರ 36 ಪುಟಗಳ ಹೊಸ ಪಾಸ್‌ಪೋರ್ಟಿಗೆ 1,500 ರೂಪಾಯಿ ಶುಲ್ಕವಿದ್ದರೆ, ತತ್ಕಾಲ್ ಯೋಜನೆಯಲ್ಲಿ ಅದರ ಮೇಲೆ 2,000 ರೂಪಾಯಿ ನಿಗದಿಯಾಗಿದೆ. ರೈಲಿನ ತತ್ಕಾಲ್ ಟಿಕೆಟ್ಟಿನಲ್ಲಿ ಮೂಲ ದರದ ಶೇಕಡಾವಾರು ಸೇರಿಸುವುದರ ಜೊತೆಗೆ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನೂ ಇಟ್ಟಿದ್ದಾರೆ. ಪ್ರೆಸ್ಸಿನವರು ಮುಖ್ಯವಾಗಿ ಕಲಿಯಬೇಕಾದದ್ದು ಈ ಮಿತಿಗಳನ್ನು.

ದರದಲ್ಲಿ ಏನೇನು ಸೇರುತ್ತದೆ

ಮೊದಲನೆಯದು ಕೂಲಿ. ಹೆಚ್ಚುವರಿ ಅವಧಿಯ ದುಡಿಮೆಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಹೇಳಿದವು. 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೂ ಈ ಎರಡು ಪಟ್ಟಿನ ಅಳತೆಯನ್ನು ಉಳಿಸಿಕೊಂಡಿದೆ. ಭಾನುವಾರ ದುಡಿಸಿದರೆ ಬೇರೊಂದು ದಿನ ಬದಲಿ ರಜೆಯನ್ನೂ ಕೊಡಬೇಕು. ಗಿರಾಕಿಯಿಂದ ಭಾನುವಾರದ ದರ ಪಡೆದು ಕೆಲಸಗಾರನಿಗೆ ಮಾಮೂಲಿ ಕೂಲಿ ಕೊಡುವ ಪ್ರೆಸ್ಸಿನ ದರಪಟ್ಟಿ ಎಷ್ಟೇ ಸ್ಪಷ್ಟವಾಗಿದ್ದರೂ ನ್ಯಾಯದ್ದಲ್ಲ.

ಎರಡನೆಯದು ಹೊರಗಿನ ಖರ್ಚು: ಹೊತ್ತು ಮೀರಿದ ಮೇಲೆ ಪ್ಲೇಟ್ ಮಾಡಿಕೊಡುವವರು ಕೇಳುವ ಹೆಚ್ಚು ಹಣ, ರಾತ್ರಿಯ ಊಟ, ಆಟೋ ಬಾಡಿಗೆ. ಮೂರನೆಯದು ಹಾಳಾಗುವ ಹಾಳೆಗಳ ಲೆಕ್ಕ, ಏಕೆಂದರೆ ಅವಸರದಲ್ಲಿ ಹಾಳಾಗುವುದು ಹೆಚ್ಚು ಮತ್ತು ಭಾನುವಾರ ಕಾಗದದ ಅಂಗಡಿ ತೆರೆದಿರುವುದಿಲ್ಲ. ಕೊನೆಯದು ಸರದಿಯಲ್ಲಿ ಮೊದಲೇ ನಿಂತವರಿಗೆ ಆಗುವ ತೊಂದರೆ. ಇದಕ್ಕೆ ರಶೀದಿ ಇರುವುದಿಲ್ಲವಾದ್ದರಿಂದ ಲೆಕ್ಕದಿಂದ ಸುಲಭವಾಗಿ ಜಾರಿಹೋಗುತ್ತದೆ. ಸೋಮವಾರಕ್ಕೆ ಮಾತು ಕೊಟ್ಟಿದ್ದ ಬಿಲ್ ಬುಕ್ ಬುಧವಾರಕ್ಕೆ ಹೋಗುವುದಾದರೆ ಆ ಗಿರಾಕಿಯನ್ನು ಮೊದಲು ಕೇಳಬೇಕು. ಅವನು ಒಪ್ಪಿದರೆ ಬಂದ ಅವಸರದ ದರದಲ್ಲಿ ಒಂದು ಪಾಲನ್ನು ಅವನ ಬಿಲ್ಲಿನಲ್ಲಿ ಇಳಿಸಬೇಕು. ಒಪ್ಪದಿದ್ದರೆ ಅವಸರದ ಕೆಲಸವನ್ನು ಹಿಡಿಯಬಾರದು.

ಒಂದು ಲೆಕ್ಕ

500 ಲಗ್ನಪತ್ರಿಕೆಗಳ ಆರ್ಡರ್ ಇದೆ ಎಂದುಕೊಳ್ಳೋಣ. ಮಾಮೂಲಿ ಗಡುವು ಐದು ಕೆಲಸದ ದಿನ, ಬೆಲೆ 12,000 ರೂಪಾಯಿ. ಇದರಲ್ಲಿ ಕಾರ್ಡು ಮತ್ತು ಲಕೋಟೆಗೆ 6,500, ಅಕ್ಷರ ಜೋಡಣೆ ಮತ್ತು ವಿನ್ಯಾಸಕ್ಕೆ 800, ಪ್ಲೇಟು ಮತ್ತು ಮುದ್ರಣಕ್ಕೆ 2,200, ಫಾಯಿಲ್ ಒತ್ತುವುದು, ಮಡಿಸುವುದು, ಕಟ್ಟುವುದಕ್ಕೆ 1,500, ಉಳಿದ 1,000 ಇತರ ಖರ್ಚು ಮತ್ತು ಲಾಭ. ಗಿರಾಕಿ ಶುಕ್ರವಾರ ಸಂಜೆ ಐದಕ್ಕೆ ಬಂದು, ಭಾನುವಾರ ಸಂಜೆ ಐದಕ್ಕೆ ಪತ್ರಿಕೆಗಳು ಮನೆಗೆ ಬರಬೇಕು ಎನ್ನುತ್ತಾನೆ.

ಇದು ಆಗುವ ಕೆಲಸವೇ ಎಂಬುದನ್ನು ಮೊದಲು ಶಾಯಿ ತೀರ್ಮಾನಿಸುತ್ತದೆ. ಹೊಳಪಿನ ಆರ್ಟ್ ಕಾರ್ಡಿನ ಮೇಲೆ ಸಾಮಾನ್ಯ ಆಫ್‌ಸೆಟ್ ಶಾಯಿ ಗಾಳಿಯೊಡನೆ ಬೆರೆತು ಗಟ್ಟಿಯಾಗಬೇಕು, ಅದಕ್ಕೆ ಹಲವು ಗಂಟೆ ಬೇಕು. ಹಸಿಯಿರುವಾಗಲೇ ಹಾಳೆಗಳನ್ನು ಎತ್ತರಕ್ಕೆ ಪೇರಿಸಿದರೆ ಒಂದರ ಶಾಯಿ ಮೇಲಿನದರ ಬೆನ್ನಿಗೆ ಹತ್ತುತ್ತದೆ. ಫಾಯಿಲ್ ಒತ್ತಿದರೆ ಚಿನ್ನದ ಬಣ್ಣ ಬೇಡದ ಕಡೆಯೂ ಅಂಟುತ್ತದೆ. ಬಣ್ಣ ದಟ್ಟವಾಗಿರುವ ಜಾಗದಲ್ಲಿ ಹೆಬ್ಬೆರಳು ಒತ್ತಿ ಉಜ್ಜಿದಾಗ ಬೆರಳಿಗೆ ಕಲೆ ಬಂದರೆ ಒಣಗಿಲ್ಲವೆಂದೇ ಅರ್ಥ. ಎಷ್ಟು ಹಣ ಕೊಟ್ಟರೂ ಈ ಅವಧಿ ಕುಗ್ಗದು. ಹೀಗಾಗಿ ಶನಿವಾರ ರಾತ್ರಿ ಒಂಬತ್ತರೊಳಗೆ ಅಚ್ಚು ಮುಗಿಯಬೇಕು, ಕಾರ್ಡುಗಳು ಭಾನುವಾರ ಬೆಳಿಗ್ಗೆ ಹತ್ತರವರೆಗೆ ಒಣಗಬೇಕು, ಆಮೇಲೆ ಮೂರು ಗಂಟೆಯಲ್ಲಿ ಉಳಿದ ಕೆಲಸ. ಹಿಂದಕ್ಕೆ ಎಣಿಸುತ್ತಾ ಬಂದರೆ, ಗಿರಾಕಿ ಶನಿವಾರ ಬೆಳಿಗ್ಗೆ ಹನ್ನೊಂದರೊಳಗೆ ಪ್ರೂಫ್ ಒಪ್ಪಿರಬೇಕು. ಶನಿವಾರ ಸಂಜೆ ಬಂದು ಇದೇ ಗಡುವು ಕೇಳುವವರಿಗೆ ಕೊಡಬೇಕಾದ ಉತ್ತರ ‘ಆಗುವುದಿಲ್ಲ’. ಇಂಥ ಕಡೆ ದುಪ್ಪಟ್ಟು ದರ ಹೇಳುವುದು ತಪ್ಪು, ಗಿರಾಕಿ ಅದಕ್ಕೂ ಒಪ್ಪಿಬಿಡುತ್ತಾನೆ.

ಈಗ ಖರ್ಚು. ಇಬ್ಬರು ಕೆಲಸಗಾರರು ಶನಿವಾರ ರಾತ್ರಿ ಮೂರು ಗಂಟೆ, ಭಾನುವಾರ ಮೂರು ಗಂಟೆ ದುಡಿಯುತ್ತಾರೆ, ಒಟ್ಟು 12 ತಾಸಿನ ದುಡಿಮೆ. ಮಾಮೂಲಿ ಕೂಲಿ ತಾಸಿಗೆ 100 ರೂಪಾಯಿಯಾದರೆ ದುಪ್ಪಟ್ಟಿನ ಲೆಕ್ಕದಲ್ಲಿ 2,400 ಕೊಡಬೇಕು. ಆದರೆ ಈ 12 ತಾಸಿನ ಮಾಮೂಲಿ ಕೂಲಿ 1,200 ಆಗಲೇ ಮೂಲ ಬೆಲೆಯಲ್ಲಿ ಸೇರಿದೆ. ಅವಸರದಿಂದ ಹುಟ್ಟಿದ ಹೊಸ ಖರ್ಚು ಉಳಿದ 1,200 ಮಾತ್ರ. ಪೂರ್ತಿ 2,400ನ್ನು ಸೇರಿಸಿದರೆ ಒಂದೇ ದುಡಿಮೆಗೆ ಗಿರಾಕಿಯಿಂದ ಎರಡು ಸಲ ಪಡೆದಂತಾಗುತ್ತದೆ. ಪ್ರಾಮಾಣಿಕರೂ ಎಡವುವ ಜಾಗವಿದು. ಇದರ ಮೇಲೆ ಪ್ಲೇಟಿನವರಿಗೆ 300, ಊಟ ಮತ್ತು ವಿದ್ಯುತ್ತಿಗೆ 250, ಹಾಳಾಗಬಹುದಾದ 25 ಕಾರ್ಡುಗಳಿಗೆ ಲಕೋಟೆ ಸೇರಿ 325. ಒಟ್ಟು 2,075 ರೂಪಾಯಿ.

ಪ್ರತಿ ಸಲ ಹೀಗೆ ಕೂಡಿಸುತ್ತಾ ಕೂರಲಾಗದು, ಒಂದು ಶೇಕಡಾ ಪ್ರಮಾಣ ಬೇಕು. ಆ ಪ್ರಮಾಣವನ್ನು ಯಾವುದರ ಮೇಲೆ ಹಾಕುವುದು ಎಂಬುದೇ ಇಡೀ ನಿಯಮದ ತಿರುಳು. ಅವಸರಕ್ಕೆ ಸಿಕ್ಕಿದ್ದು ವಿನ್ಯಾಸ, ಮುದ್ರಣ ಮತ್ತು ಕೊನೆಯ ಕೈಕೆಲಸ, ಅಂದರೆ 4,500 ರೂಪಾಯಿಯ ಭಾಗ. ಅದರ ಮೇಲೆ ಶೇ. 60 ಹಾಕಿದರೆ 2,700. ಖರ್ಚು ಕಳೆದು ಉಳಿಯುವ 625 ಮಾಲೀಕ ತಾನೂ ಭಾನುವಾರ ನಿಂತದ್ದಕ್ಕೆ ಸಲ್ಲುತ್ತದೆ. ಅದೇ ಶೇ. 60ನ್ನು ಪೂರ್ತಿ 12,000ದ ಮೇಲೆ ಹಾಕಿದರೆ 7,200 ಆಗುತ್ತದೆ. ನಡುವಿನ 4,500 ರೂಪಾಯಿಗೆ ಯಾರೂ ಏನೂ ಹೆಚ್ಚಾಗಿ ಮಾಡಿರುವುದಿಲ್ಲ. ಕಾರ್ಡಿನ ಕಾಗದ ಭಾನುವಾರವಾದರೂ ಬುಧವಾರವಾದರೂ ಅದೇ ಬೆಲೆಯದು. ಕೊಂಡು ತಂದ ಸಾಮಗ್ರಿಯ ಮೇಲೆ ಅವಸರದ ದರ ಹಾಕಬಾರದು.

ಭಾನುವಾರ ಕೆಲಸ ಮಾಡುವುದು ಬೇರೆ, ಭಾನುವಾರ ತಲುಪಿಸುವುದು ಬೇರೆ. ಶುಕ್ರವಾರವೇ ಸಿದ್ಧವಾದ ಸರಕನ್ನು ಗಿರಾಕಿ ಭಾನುವಾರ ಮನೆಗೆ ತರಿಸಿಕೊಂಡರೆ ಗಾಡಿಯ ಖರ್ಚಷ್ಟೇ ಬೀಳಬೇಕು. ಈ ಲೆಕ್ಕದಲ್ಲಿ ಗಾಡಿಗೆ 400 ಎಂದು ಹಿಡಿದರೆ ಗಿರಾಕಿ ಕೊಡಬೇಕಾದದ್ದು 15,100 ರೂಪಾಯಿ ಮತ್ತು ಜಿಎಸ್‌ಟಿ. ಬಿಲ್ಲಿನಲ್ಲಿ ಮೂಲ ಬೆಲೆ, ಅವಸರದ ದರ, ಸಾಗಣೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಹಾಗೆ ಬರೆದ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ: ಅದೇ ಕೆಲಸಕ್ಕೆ ಸಂಬಂಧಿಸಿ ಪಡೆದ ಮೊತ್ತ 2017ರ ಜಿಎಸ್‌ಟಿ ಕಾಯ್ದೆಯ ಪ್ರಕಾರ ಆ ಪೂರೈಕೆಯ ಮೌಲ್ಯಕ್ಕೆ ಸೇರುತ್ತದೆ.

ಶೇಕಡಾ ಪ್ರಮಾಣ ಸೋಲುವುದು ತೀರಾ ಸಣ್ಣ ಕೆಲಸದಲ್ಲಿ. ನೂರು ವಿಸಿಟಿಂಗ್ ಕಾರ್ಡಿಗೆ ಶೇ. 60 ಎಂದರೆ ಭಾನುವಾರ ಬಾಗಿಲು ತೆರೆದ ಖರ್ಚೂ ಹುಟ್ಟದು. ಅದಕ್ಕೇ ತತ್ಕಾಲ್ ಟಿಕೆಟ್ಟಿನಂತೆ ಒಂದು ಕನಿಷ್ಠ ಮೊತ್ತ ಇರಬೇಕು. ದೊಡ್ಡ ಆರ್ಡರಿನವರು ಬವಣೆ ಪಡದಂತೆ ಗರಿಷ್ಠವೂ ಇರಬೇಕು.

ನಿಯಮದಲ್ಲಿ ಬರೆದಿರಬೇಕಾದದ್ದು

ಗಡಿಯಾರ ಓಡತೊಡಗುವುದು ಆರ್ಡರ್ ಕೊಟ್ಟಾಗ ಅಲ್ಲ, ಪ್ರೂಫ್ ಒಪ್ಪಿದಾಗ. ವರನ ತಂದೆಯ ಹೆಸರಿನ ಇನಿಷಿಯಲ್ ತಿದ್ದಲು ಮನೆಯವರು ನಾಲ್ಕು ಗಂಟೆ ತೆಗೆದುಕೊಂಡರೆ ತಲುಪಿಸುವ ಹೊತ್ತೂ ನಾಲ್ಕು ಗಂಟೆ ಮುಂದೆ ಹೋಗುತ್ತದೆ. ಅವಸರವೆಂದು ಪ್ರೂಫನ್ನೇ ಬಿಡುವಂತಿಲ್ಲ. ಮುಹೂರ್ತದ ಹೊತ್ತು ತಪ್ಪಾಗಿ ಅಚ್ಚಾದರೆ ಮತ್ತೆ ಮುದ್ರಿಸಲು ಸಮಯವೇ ಉಳಿದಿರುವುದಿಲ್ಲ. ಚುನಾವಣೆಯ ಕರಪತ್ರವಾದರೆ ಇನ್ನೂ ಒಂದು ಎಚ್ಚರ: 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲಿರಲೇಬೇಕು, ಪ್ರಕಾಶಕನ ಘೋಷಣಾಪತ್ರವನ್ನು ಮುದ್ರಣಕ್ಕೆ ಮೊದಲೇ ಪಡೆದಿರಬೇಕು. ಯಾವ ಅವಸರದ ದರವೂ ಇದಕ್ಕೆ ವಿನಾಯಿತಿ ತಂದುಕೊಡದು.

ಒಪ್ಪಿದ ಹೊತ್ತಿಗೆ ಪ್ರೆಸ್ಸಿನ ಕಡೆಯಿಂದಲೇ ತಡವಾದರೆ ಅವಸರದ ದರ ಪೂರ್ತಿ ವಾಪಸ್ ಕೊಡಬೇಕು. ಅರ್ಧ ಗಂಟೆ ತಡವಾಯಿತು, ಅರ್ಧ ಕೊಡುತ್ತೇವೆ ಎಂಬ ಚೌಕಾಸಿ ಸಲ್ಲದು, ಯಾಕೆಂದರೆ ಗಿರಾಕಿ ಹಣ ಕೊಟ್ಟದ್ದು ಆ ಹೊತ್ತಿಗಾಗಿಯೇ. ಪ್ರೆಸ್ಸಿನ ತಪ್ಪಿನಿಂದ ಮರುಮುದ್ರಣ ಅವಸರಕ್ಕೆ ಬಿದ್ದರೆ ದರದ ಮಾತೇ ಏಳುವುದಿಲ್ಲ.

ಉತ್ತರಕ್ರಿಯೆಯ ಪತ್ರಿಕೆಗಳನ್ನು ಬೇರೆಯಾಗಿ ನೋಡಬೇಕು. ಸಾವಿಗೆ ಯಾರೂ ಐದು ದಿನ ಮೊದಲು ಆರ್ಡರ್ ಕೊಡಲಾರರು. ಹಲವು ಪ್ರೆಸ್ಸಿನವರು ಮನುಷ್ಯತ್ವದಿಂದ ಇದಕ್ಕೆ ಅರ್ಜೆಂಟ್ ಚಾರ್ಜ್ ಹಾಕುವುದಿಲ್ಲ. ಆದರೆ ಮಾಲೀಕನ ಕರುಣೆಗೆ ಬಿಟ್ಟರೆ ಪರಿಚಿತರಿಗೆ ಒಂದು, ಅಪರಿಚಿತರಿಗೆ ಒಂದು ಆಗಿಬಿಡುತ್ತದೆ. ಒಂದೇ ಬಣ್ಣದ, ಸಿದ್ಧ ಮಾದರಿಯ ಈ ಪತ್ರಿಕೆಗೆ ಮಾಮೂಲಿ ಗಡುವೇ ಒಂದು ದಿನ ಎಂದು ದರಪಟ್ಟಿಯಲ್ಲಿ ಬರೆದುಬಿಡುವುದು ಸರಿಯಾದ ದಾರಿ.

ಮದುವೆ ಸೀಸನ್ನಿನ ಏರಿದ ಬೆಲೆಯನ್ನು ಅವಸರದ ದರದೊಡನೆ ಬೆರೆಸಬಾರದು. ಆಷಾಢದಲ್ಲಿ ಖಾಲಿ ಕೂರುವ ಯಂತ್ರ ವೈಶಾಖದಲ್ಲಿ ಹಗಲು ರಾತ್ರಿ ಓಡುತ್ತದೆ ಎಂಬುದು ನಿಜ. ಆ ಏರಿಳಿತ ಮೂಲ ಬೆಲೆಯಲ್ಲಿ ಇರಲಿ.

ನಿಯಮ ಕೆಟ್ಟಿದೆಯೆಂದು ತಿಳಿಯುವುದು

ಪ್ರತಿ ಅವಸರದ ಕೆಲಸದ ಎದುರು ನಿಜವಾಗಿ ಹಿಡಿದ ಹೆಚ್ಚುವರಿ ತಾಸು, ಖರ್ಚು, ಪಡೆದ ಮೊತ್ತ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು, ತಪ್ಪು ತಾನಾಗಿ ಕಾಣುತ್ತದೆ. ದುಪ್ಪಟ್ಟು ಕೂಲಿ ಕೊಟ್ಟರೂ ಕೆಲಸಗಾರರು ಭಾನುವಾರಕ್ಕೆ ಒಲ್ಲೆ ಎನ್ನುತ್ತಿದ್ದರೆ ಬದಲಿ ರಜೆ ಕಾಗದದಲ್ಲೇ ಉಳಿದಿದೆ ಎಂದರ್ಥ. ಅವಸರವಿಲ್ಲದ ಗಿರಾಕಿಗಳ ಕೆಲಸ ಮೇಲಿಂದ ಮೇಲೆ ತಡವಾಗುತ್ತಿದ್ದರೆ ದರ ತೀರಾ ಕಡಿಮೆಯಿದೆ. ಇನ್ನು, ಬರುವ ಆರ್ಡರುಗಳಲ್ಲಿ ಹೆಚ್ಚಿನವು ಅವಸರದವೇ ಆಗಿದ್ದರೆ ದೋಷ ಗಿರಾಕಿಗಳದ್ದಲ್ಲ, ಪ್ರೆಸ್ಸಿನ ಮಾಮೂಲಿ ಗಡುವು ಅವರ ಅಗತ್ಯಕ್ಕಿಂತ ಉದ್ದವಾಗಿದೆ. ಆಗ ಮಾಡಬೇಕಾದದ್ದು ಇನ್ನೊಬ್ಬ ಕೆಲಸಗಾರನನ್ನು ಸೇರಿಸಿಕೊಂಡು ಗಡುವನ್ನು ಮೂರು ದಿನಕ್ಕೆ ಇಳಿಸುವುದು, ಅವಸರದ ದರವನ್ನು ಏರಿಸುವುದಲ್ಲ.