ವೇಗದ ಬೌಲಿಂಗ್‌ನ ಚಲನ ಸರಪಳಿ

ವೇಗದ ಬೌಲರ್‌ನ ಓಟದಲ್ಲಿ ಹುಟ್ಟುವ ಬಲವು ಕಾಲು, ಸೊಂಟ, ಮುಂಡ, ಭುಜಗಳ ಮೂಲಕ ಕ್ರಮವಾಗಿ ಸಾಗಿ ಬೆರಳ ತುದಿಯಲ್ಲಿ ಚೆಂಡಿಗೆ ಸೇರುವ ಕ್ರಿಯೆಯನ್ನು ಚಲನ ಸರಪಳಿ ಎನ್ನುತ್ತಾರೆ. ಪ್ರತಿ ಕೊಂಡಿಯೂ ತನ್ನ ಹಿಂದಿನದು ನಿಧಾನವಾಗುತ್ತಿದ್ದಂತೆ ವೇಗ ಪಡೆಯುತ್ತದೆ.

ಕ್ರಮ: ವೇಗದ ಬೌಲರ್ ಸಾಮಾನ್ಯವಾಗಿ ಸೆಕೆಂಡಿಗೆ 6 ಮೀಟರ್‌ನಷ್ಟು, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ವೇಗದಲ್ಲಿ ಕ್ರೀಸ್ ತಲುಪುತ್ತಾನೆ. ಚೆಂಡು 140 ಕಿ.ಮೀ. ವೇಗದಲ್ಲಿ ಹೊರಟರೆ, ಓಟದಿಂದ ನೇರವಾಗಿ ಬಂದ ಪಾಲು ಅದರ ಆರನೆಯ ಒಂದು ಭಾಗದಷ್ಟೇ. ಉಳಿದ ವೇಗ ಹುಟ್ಟುವುದು ಮುಂಗಾಲು ಊರಿದ ಮೇಲಿನ ಸುಮಾರು 0.1 ಸೆಕೆಂಡಿನಲ್ಲಿ. ಆಗ ನೆಲವು ಆ ಕಾಲನ್ನು ದೇಹತೂಕದ ಐದು ಪಟ್ಟಿಗೂ ಮೀರಿದ ಬಲದಿಂದ ಒತ್ತುತ್ತದೆ. ಮೊಣಕಾಲು ಬಾಗದೆ ನಿಂತರೆ ಸೊಂಟಕ್ಕೆ ತಡೆ ಬೀಳುತ್ತದೆ, ಮುಂಡ ಮುಂದಕ್ಕೆ ಬಾಗುತ್ತದೆ, ಅದರ ಹಿಂದೆ ತೋಳು ತಿರುಗಿ ಬರುತ್ತದೆ. ಓಡುತ್ತಿರುವವನ ಕಾಲು ಎಡವಿದಾಗ ಮೈ ಮುಂದಕ್ಕೆ ಮುಗ್ಗರಿಸುವುದೂ ಇದೇ ಕಾರಣಕ್ಕೆ. ತೋಳು ಮುಂಡಕ್ಕಿಂತ ತುಸು ತಡವಾಗಿ ಬಂದಷ್ಟೂ ವೇಗ ಹೆಚ್ಚುತ್ತದೆ.

ಕೊಂಡಿ ಸಡಿಲವಾದಾಗ: ಊರಿದ ಮುಂಗಾಲು ಮಂಡಿಯಲ್ಲಿ ಕುಸಿದರೆ ಓಟದ ಬಲ ಅಲ್ಲಿಯೇ ಕರಗುತ್ತದೆ. ಬೌಲರ್ ಆ ಕೊರತೆಯನ್ನು ಭುಜದಿಂದ ತುಂಬಲು ನೋಡುತ್ತಾನೆ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಚಿಕೊಂಡರೆ ಹೊರೆ ಬೆನ್ನಿನ ಕೆಳಭಾಗಕ್ಕೆ ಬೀಳುತ್ತದೆ. ಬಲಗೈ ಬೌಲರ್‌ಗಳಲ್ಲಿ ಮೂಳೆಯ ಒತ್ತಡ ಬಿರುಕು ಹೆಚ್ಚಾಗಿ ಎಡಬದಿಯಲ್ಲಿ ಕಾಣಿಸುತ್ತದೆ. ಒಂಟಿ ಕಾಲಿನಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಒಂದೇ ಬದಿಯಲ್ಲಿ ನೋವಾಗುವುದು ಅದರ ಮುನ್ಸೂಚನೆ.

ಕರ್ನಾಟಕದ ಉದಾಹರಣೆಗಳು: ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದರು. ಅವರಿಗೆ ಪೆಟ್ಟಾದದ್ದು ಭುಜದ ಕೀಲನ್ನು ಬಿಗಿಹಿಡಿದು, ಚೆಂಡು ಹೊರಟ ಮೇಲೆ ತೋಳನ್ನು ತಡೆಯುವ ಸ್ನಾಯುಗಳಿಗೆ. ಪ್ರಸಿದ್ಧ್ ಕೃಷ್ಣ ಬೆನ್ನಿನ ಒತ್ತಡ ಬಿರುಕಿನಿಂದಾಗಿ 2023ರ ಐಪಿಎಲ್ ಪೂರ್ತಿ ತಪ್ಪಿಸಿಕೊಂಡು, ಅದೇ ಆಗಸ್ಟ್‌ನಲ್ಲಿ ಐರ್ಲೆಂಡ್ ಸರಣಿಗೆ ಮರಳಿದರು. ಸರಪಳಿಯ ಎರಡು ಬೇರೆ ಕೊಂಡಿಗಳು ಹೊರೆಗೆ ಸೋತ ನಿದರ್ಶನಗಳಿವು.

ಕಪ್ಪು ಮಣ್ಣಿನ ಬಯಲು: ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ಈ ನೆಲ ಗಡುಸಾಗಿ ಬಿರಿಯುತ್ತದೆ, ಹಸಿಯಾದಾಗ ಜಾರುತ್ತದೆ. ಜಾರುವ ನೆಲದಲ್ಲಿ ಮುಂಗಾಲಿಗೆ ತಡೆ ಸಿಗದು. ಬಿರಿದ ನೆಲದಲ್ಲಿ ಪಾದ ಹೊರಳುತ್ತದೆ. ನೆಲದಂತೆ ಚೆಂಡಿನ ತೂಕವೂ ಮುಖ್ಯ. ಟೆನಿಸ್ ಚೆಂಡು ಸುಮಾರು 58 ಗ್ರಾಂ ತೂಗುತ್ತದೆ. ಅದನ್ನು ಬರೀ ತೋಳಿನಿಂದಲೂ ಜೋರಾಗಿ ಎಸೆಯಬಹುದು. ತೊಗಲಿನ ಚೆಂಡಿನ ತೂಕ 156ರಿಂದ 163 ಗ್ರಾಂ. ಟೆನಿಸ್ ಚೆಂಡಿನ ರೂಢಿಯಲ್ಲೇ ಇದನ್ನೂ ಎಸೆದರೆ ಹೊರೆಯೆಲ್ಲ ಭುಜಕ್ಕೆ ಬೀಳುತ್ತದೆ. ಆದ್ದರಿಂದ ಚೆಂಡು ಬದಲಾಯಿಸುವ ಬೌಲರ್ ಮೊದಲು ಕಡಿಮೆ ಓವರ್ ಹಾಕಿ, ಮುಂಗಾಲು ಊರುವ ಜಾಗವನ್ನು ದಮ್ಮಸ್ಸು ಮಾಡಿಕೊಳ್ಳುವುದು ಒಳಿತು. ಮಂಡಿ ಕುಸಿಯುತ್ತಿದೆಯೇ ಎಂಬುದು ಪಕ್ಕದಿಂದ ನಿಧಾನಗತಿಯಲ್ಲಿ ಚಿತ್ರಿಸಿದ ಮೊಬೈಲ್ ವಿಡಿಯೊದಲ್ಲಿ ತಿಳಿಯುತ್ತದೆ.